ಒಂದು ಬಚ್ಚಲು ಎರಡಾದ ವಿಡಿಯೋ

ಇಂಡಿಯಲ್ಲಿ ನಮ್ಮ ಅಣ್ಣನ ಮನೆಯ ಮೇಲ್ಮಹಡಿ ಹೋದ ವರ್ಷ ಮೇ ತಿಂಗಳಲ್ಲಿ ಖಾಲಿಯಾಯಿತು. ಶಾಲೆ ಶುರುವಾಗುವ ಮುಂಚಿನ ಆ ದಿನಗಳಲ್ಲೇ ನಮ್ಮ ಕಡೆ ಬಾಡಿಗೆ ಮನೆಗಳು ಕೈಬದಲಾಗುವುದು. ಅಣ್ಣನ ಮಗ ಒಂದು ವಿಡಿಯೋ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಿದ. ನಲವತ್ತೆಂಟು ಸೆಕೆಂಡಿನದು. ಅದು ಕೈಯಿಂದ ಕೈಗೆ ದಾಟಿ ಶಿವಮೊಗ್ಗ ಮುಟ್ಟಿತು. ಇಂಡಿಗೆ ವರ್ಗವಾಗಿದ್ದ ಬ್ಯಾಂಕ್ ಅಧಿಕಾರಿಯೊಬ್ಬರು ಫೋನಿನಲ್ಲೇ ಮನೆ ಒಪ್ಪಿಕೊಂಡರು, ಹೆಂಡತಿ ಮತ್ತು ವಯಸ್ಸಾದ ತಾಯಿಯನ್ನು ಕರೆದುಕೊಂಡು ರಾತ್ರಿ ಬಸ್ಸು ಹತ್ತಿ ಬಂದೂಬಿಟ್ಟರು. ಮನೆಯೆಲ್ಲ ತಿರುಗಾಡಿ ನೋಡಿ ಕೊನೆಗೆ ಕೇಳಿದರು:

"ಇನ್ನೊಂದು ಬಾತ್‌ರೂಮ್ ಎಲ್ಲಿದೆ ಸರ್?"

"ಇನ್ನೊಂದು ಎಲ್ಲಿಂದ ಬರ್ತದ್ರೀ ಸರ, ಇರೋದ ಒಂದ" ಎಂದ ಅಣ್ಣ.

ಅವರು ಫೋನು ತೆಗೆದು ತೋರಿಸಿದರು. ನಿಜ, ವಿಡಿಯೋದಲ್ಲಿ ಎರಡಿದ್ದವು. ಆ ಮನೆಯ ಬಚ್ಚಲಿಗೆ ಎರಡು ಬಾಗಿಲು. ಒಂದು ಮಲಗುವ ಕೋಣೆಯಿಂದ, ಇನ್ನೊಂದು ಪಡಸಾಲೆಯಿಂದ. ಹುಡುಗ ಕೋಣೆಯೊಳಗಿಂದ ಒಮ್ಮೆ ಇಣುಕಿದ್ದ, ಪಡಸಾಲೆಯಿಂದ ಮತ್ತೊಮ್ಮೆ ಇಣುಕಿದ್ದ. ಒಂದು ಕಡೆಯಿಂದ ಗೀಜರ್ ಕಂಡಿತ್ತು, ಇನ್ನೊಂದು ಕಡೆಯಿಂದ ಬರಿಯ ನಲ್ಲಿ ಮತ್ತು ಬಕೆಟ್. ಅವನು ಸುಳ್ಳು ಹೇಳಿರಲಿಲ್ಲ, ಆದರೆ ವಿಡಿಯೋ ಹೇಳಿತ್ತು. ತಾಯಿಗೆ ಬೇರೆ ಬಚ್ಚಲು ಬೇಕೇ ಬೇಕೆಂದಿದ್ದ ಆ ಕುಟುಂಬ ಚಹಾ ಕುಡಿದು, ಬೇರೆ ಮನೆ ಹುಡುಕಲು ಹೊರಟಿತು.

ಸಿಂದಗಿಯಿಂದ ನಾನು ಹೋದದ್ದು ಇದಾದ ಮೇಲೆ. ಹಿಂದೆ ಐದಾರು ವರ್ಷ ಮದುವೆ ವಿಡಿಯೋ ತೆಗೆದವನು ನಾನು, ಹಾಗಾಗಿ ಮನೆಯವರ ಲೆಕ್ಕದಲ್ಲಿ ವಿಡಿಯೋ ಮತ್ತೆ ತೆಗೆಯುವುದು ನನ್ನ ಕೆಲಸ. ಹುಡುಗನ ವಿಡಿಯೋವನ್ನು ಮುದ್ದೇಬಿಹಾಳದಲ್ಲಿ ಪಿಯುಸಿ ಓದುತ್ತಿರುವ ತಂಗಿಯ ಮಗಳಿಗೆ ಕಳಿಸಿದೆ. ಅವಳು ಆ ಮನೆ ನೋಡಿದವಳಲ್ಲ. "ಇದನ್ನ ಎರಡು ಸಲ ನೋಡು, ಆಮೇಲೆ ಮನಿ ನಕ್ಷೆ ಬರದು ಫೋಟೋ ಕಳಿಸು" ಎಂದೆ. ಅವಳ ನಕ್ಷೆಯಲ್ಲಿ ಬಚ್ಚಲು ಎರಡಿದ್ದವು, ಅಡುಗೆಮನೆ ಬಲಗಡೆ ಇತ್ತು, ದೇವರಮನೆ ಇರಲೇ ಇಲ್ಲ. ಅಡುಗೆಮನೆ ಇರುವುದು ಎಡಗಡೆ. ಮನೆಯ ವಿಡಿಯೋ ಸರಿಯಿದೆಯೋ ಇಲ್ಲವೋ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ನೋಡಿದವರಿಗೆ ಗೋಡೆಯ ಬಣ್ಣ ನೆನಪುಳಿದರೆ ಸಾಲದು. ಯಾವ ಬಾಗಿಲಿನಿಂದ ಯಾವ ಕೋಣೆ ಎನ್ನುವುದು ತಲೆಯಲ್ಲಿ ಕೂತಿರಬೇಕು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಮ್ಮ ಈ ನಾಲ್ಕು ಊರುಗಳಲ್ಲಿ ಈಚೆಗೆ ಮನೆಯ ವಿಡಿಯೋ ಸಣ್ಣ ವಿಷಯವಾಗಿ ಉಳಿದಿಲ್ಲ. ಬಸವನ ಬಾಗೇವಾಡಿ ಕಡೆ ಕೂಡಗಿಯಲ್ಲಿ ಎನ್‌ಟಿಪಿಸಿಯ 2400 ಮೆಗಾವ್ಯಾಟ್ ವಿದ್ಯುತ್ ಸ್ಥಾವರ ಬಂದ ಮೇಲೆ ಬೇರೆ ರಾಜ್ಯದವರೂ ಇಲ್ಲಿ ಮನೆ ಕೇಳುತ್ತಾರೆ. ವರ್ಗವಾಗಿ ಬರುವ ಶಿಕ್ಷಕರು, ಪೊಲೀಸರು, ಬ್ಯಾಂಕಿನವರಂತೂ ಮೊದಲಿನಿಂದ ಇದ್ದೇ ಇದ್ದಾರೆ. ಮುಂಚೆ ಅವರು ಬಂದು ಲಾಡ್ಜಿನಲ್ಲಿ ಎರಡು ದಿನ ಇದ್ದು ಮನೆ ನೋಡುತ್ತಿದ್ದರು. ಈಗ "ವಿಡಿಯೋ ಕಳಿಸ್ರಿ" ಎನ್ನುತ್ತಾರೆ.

ಮೊದಲು ಕ್ರಮದ ಮಾತು. ಅಣ್ಣನ ಮನೆ ಪೂರ್ವ ದಿಕ್ಕಿನದು. ಒಳಗೆ ಹೋದರೆ ಪಡಸಾಲೆ, ಅದರ ಸುತ್ತ ಉಳಿದ ಕೋಣೆಗಳು. ಕಟ್ಟಿಸುವಾಗ ವಾಸ್ತು ನೋಡಿಯೇ ಕಟ್ಟಿಸಿದ್ದು. ಆಗ್ನೇಯಕ್ಕೆ ಅಡುಗೆ, ನೈಋತ್ಯಕ್ಕೆ ದೊಡ್ಡ ಮಲಗುವ ಕೋಣೆ, ಪಶ್ಚಿಮದ ನಡುವೆ ಬಚ್ಚಲು, ವಾಯವ್ಯಕ್ಕೆ ಸಣ್ಣ ಕೋಣೆ, ಈಶಾನ್ಯದಲ್ಲಿ ದೇವರು. ಇದನ್ನು ಒಮ್ಮೆ ಬಾಗಿಲಲ್ಲಿ ನಿಂತು ಯೋಚಿಸಿ. ತಲಬಾಗಿಲು ದಾಟಿದ ಕೂಡಲೇ ಎಡಕ್ಕೆ ಅಡುಗೆಮನೆ ಬಾಗಿಲು, ಅದರ ಮುಂದೆ ಮಲಗುವ ಕೋಣೆ, ಎದುರಿಗೆ ಬಚ್ಚಲು, ಬಲಕ್ಕೆ ತಿರುಗಿದರೆ ಸಣ್ಣ ಕೋಣೆ, ಕೊನೆಗೆ ದೇವರಮನೆ, ಮತ್ತೆ ತಲಬಾಗಿಲು. ಅಂದರೆ ಗುಡಿಯಲ್ಲಿ ಪ್ರದಕ್ಷಿಣೆ ಹಾಕಿದ ಹಾಗೆ, ಪಡಸಾಲೆಯ ನಡುಭಾಗವನ್ನು ಬಲಕ್ಕೆ ಇಟ್ಟುಕೊಂಡು ಒಂದು ಸುತ್ತು ಬಂದರೆ ಮನೆ ಮುಗಿಯಿತು. ನಾನು ವಾಸ್ತು ನಂಬುವವನೋ ಅಲ್ಲವೋ ಆ ಮಾತು ಬೇರೆ. ವಾಸ್ತು ಹಿಡಿದು ಕಟ್ಟಿದ ಪೂರ್ವದಿಕ್ಕಿನ ಮನೆ ವಿಡಿಯೋ ತೆಗೆಯುವವನಿಗೆ ದಾರಿಯನ್ನು ತಾನೇ ತೋರಿಸುತ್ತದೆ ಎನ್ನುವುದಂತೂ ಖರೆ.

ಕ್ಯಾಮೆರಾ ತಿರುಗಿಸುವುದೂ ಅದೇ ದಿಕ್ಕಿನಲ್ಲಿ. ಪ್ರತಿ ಕೋಣೆಯಲ್ಲಿ ಎಡಗೋಡೆಯಿಂದ ಶುರುಮಾಡಿ ಬಲಗೋಡೆಗೆ ಮುಗಿಸಬೇಕು. ಒಂದು ಕೋಣೆಯಲ್ಲಿ ಎಡದಿಂದ ಬಲಕ್ಕೆ, ಇನ್ನೊಂದರಲ್ಲಿ ಬಲದಿಂದ ಎಡಕ್ಕೆ ತಿರುಗಿಸಿದರೆ ನೋಡುವವನ ತಲೆಯಲ್ಲಿ ಮನೆ ಕನ್ನಡಿಯೊಳಗಿನ ಬಿಂಬದಂತೆ ಅದಲುಬದಲಾಗುತ್ತದೆ. ತಂಗಿಯ ಮಗಳು ಅಡುಗೆಮನೆಯನ್ನು ಬಲಕ್ಕೆ ಬರೆದದ್ದೂ ಇಂಥದೇ ಅದಲುಬದಲಿನಿಂದ. ಹುಡುಗ ಅಡುಗೆಮನೆಯನ್ನು ಒಳಗಿನಿಂದ, ಒಲೆಯ ಕಟ್ಟೆಗೆ ಬೆನ್ನು ಹಚ್ಚಿ ನಿಂತು ತೆಗೆದು, ಅಲ್ಲಿಂದಲೇ ಹೊರಗೆ ನಡೆದುಬಂದಿದ್ದ.

ಎಲ್ಲ ಮನೆಗೂ ಪ್ರದಕ್ಷಿಣೆ ನಡೆಯುವುದಿಲ್ಲ. ಮುದ್ದೇಬಿಹಾಳದಲ್ಲಿ ತಂಗಿ ಇರುವ ಹಳೆಯ ಮನೆ ರೈಲಿನ ಡಬ್ಬಿಗಳಂತೆ ಒಂದರ ಹಿಂದೆ ಒಂದು ಜೋಡಿಸಿದ್ದು: ಕಟ್ಟೆ, ಪಡಸಾಲೆ, ನಡುಮನೆ, ಅಡುಗೆಮನೆ, ಬಚ್ಚಲು, ಹಿತ್ತಲು. ಅಲ್ಲಿ ನೆಟ್ಟಗೆ ಹೋಗಿ ಹಿತ್ತಲಲ್ಲಿ ನಿಲ್ಲಿಸಿಬಿಡಬೇಕು. ಚಾಲೂ ಇಟ್ಟುಕೊಂಡು ತಿರುಗಿ ಬಂದಿರೋ, ಅದೇ ಕೋಣೆಗಳು ಹಿಂದುಮುಂದಾಗಿ ಮತ್ತೊಮ್ಮೆ ಬರುತ್ತವೆ, ಮೂರು ಕೋಣೆಯ ಮನೆ ಐದು ಕೋಣೆಯದಾಗುತ್ತದೆ.

ಇನ್ನು ಅಲುಗಾಟ. ಸಿನಿಮಾದವರಿಗೂ ಇದು ಬಹಳ ಕಾಲ ತಲೆನೋವಾಗಿತ್ತು. ನಡೆಯುತ್ತಾ ತೆಗೆದರೆ ಚಿತ್ರ ಕುಣಿಯುತ್ತದೆ, ಆದ್ದರಿಂದ ಹಳಿ ಹಾಸಿ, ಗಾಡಿಯ ಮೇಲೆ ಕ್ಯಾಮೆರಾ ಇಟ್ಟು ತಳ್ಳುತ್ತಿದ್ದರು. 1970ರ ದಶಕದಲ್ಲಿ ಅಮೆರಿಕದ ಗ್ಯಾರೆಟ್ ಬ್ರೌನ್ ಎಂಬ ಛಾಯಾಗ್ರಾಹಕ ಸ್ಟೆಡಿಕ್ಯಾಮ್ ಕಂಡುಹಿಡಿದ ಮೇಲೆ ಮೆಟ್ಟಿಲ ಮೇಲೂ ಕ್ಯಾಮೆರಾ ತೇಲಿದಂತೆ ಹೋಗತೊಡಗಿತು. 1976ರ 'ರಾಕಿ' ಚಿತ್ರದಲ್ಲಿ ನಾಯಕ ಮೆಟ್ಟಿಲು ಹತ್ತಿ ಓಡುವುದನ್ನು ತೆಗೆದದ್ದು ಅದರಿಂದಲೇ. ಆ ಸಲಕರಣೆ ಮಾಡುವುದು ಇಷ್ಟೆ: ಹೆಜ್ಜೆಯ ಪೆಟ್ಟು ಕ್ಯಾಮೆರಾ ಮುಟ್ಟುವ ಮೊದಲೇ ಸ್ಪ್ರಿಂಗಿನ ತೋಳು ಅದನ್ನು ನುಂಗುತ್ತದೆ. ಸಲಕರಣೆ ಇಲ್ಲದೆಯೇ ಇದನ್ನು ಮಾಡುವವರನ್ನು ನೋಡಬೇಕೆಂದರೆ, ತಲೆಯ ಮೇಲೊಂದು, ಬಗಲಲ್ಲೊಂದು ತುಂಬಿದ ಕೊಡ ಹೊತ್ತು ಬರುವ ನಮ್ಮ ಹೆಣ್ಣುಮಕ್ಕಳ ನಡಿಗೆ ನೋಡಿ. ಹೆಜ್ಜೆ ಸಣ್ಣದು, ಮೊಣಕಾಲು ಒಂದಿಷ್ಟು ಮಡಚಿರುತ್ತದೆ, ಏರಿಳಿತವೆಲ್ಲ ಸೊಂಟದ ಕೆಳಗೇ ಮುಗಿದುಹೋಗುತ್ತದೆ. ಕೊಡದೊಳಗಿನ ನೀರು ತುಳುಕುವುದಿಲ್ಲ.

ಫೋನು ಹಿಡಿದು ನಡೆಯುವುದೂ ಹಾಗೆಯೇ. ಚಪ್ಪಲಿ ಬಿಡಬೇಕು. ಎರಡೂ ಕೈಯಲ್ಲಿ ಫೋನು, ಮೊಣಕೈ ಪಕ್ಕೆಗೆ ಅಂಟಿರಬೇಕು, ಮೊಣಕಾಲು ಸ್ವಲ್ಪ ಬಾಗಿರಬೇಕು. ಹಿಮ್ಮಡಿ ಮೊದಲು ಊರಿ, ಪಾದವನ್ನು ಮೆಲ್ಲಗೆ ಉರುಳಿಸುತ್ತಾ ಬೆರಳಿಗೆ ತರಬೇಕು. "ಫೋನಿನಾಗ ಸ್ಟೆಬಿಲೈಸೇಶನ್ ಐತಲ್ಲ ಕಾಕಾ" ಎಂದ ಅಣ್ಣನ ಮಗ. ಇದೆ. ಆದರೆ ಅದು ಚೆನ್ನಾಗಿ ಸರಿಪಡಿಸುವುದು ಕೈಯ ನಡುಕವನ್ನು, ಫೋನು ಅತ್ತಿತ್ತ ಓಲುವುದನ್ನು. ನಡೆಯುವಾಗ ಇಡೀ ಫೋನೇ ಮೇಲೆ ಕೆಳಗೆ ಏಳುತ್ತದಲ್ಲ, ಅದನ್ನು ಅಷ್ಟಾಗಿ ತಡೆಯುವುದಿಲ್ಲ. ದೂರದ ಗುಡ್ಡ ತೆಗೆದರೆ ಈ ಏರಿಳಿತ ಗೊತ್ತಾಗದು. ಹತ್ತು ಅಡಿಯ ಕೋಣೆಯಲ್ಲಿ ಗೋಡೆ, ಕಪಾಟು, ಬಾಗಿಲು ಎಲ್ಲ ಮೂಗಿನ ಮುಂದೆಯೇ ಇರುವುದರಿಂದ ಪ್ರತಿ ಹೆಜ್ಜೆಗೂ ಕುಣಿಯುತ್ತವೆ. ಕಡ್ಡಿಗೆ ಮೋಟಾರು ಹಾಕಿದ ಗಿಂಬಲ್ ತಂದರೂ ಇದೇ ಮಾತು. ಅದು ಫೋನನ್ನು ಓಲದಂತೆ ಹಿಡಿಯುತ್ತದೆ, ನಿಮ್ಮ ಹೆಜ್ಜೆಯ ಪೆಟ್ಟನ್ನು ನೀವೇ ನುಂಗಬೇಕು.

ಕತ್ತಲೆ ಇದ್ದರಂತೂ ಸ್ಟೆಬಿಲೈಸೇಶನ್ನಿಗೆ ಕೈಯೇ ಕಟ್ಟಿದಂತೆ. ಬೆಳಕು ಸಾಲದಾಗ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಆ ಹೊತ್ತಿನಲ್ಲಿ ಕೈ ಅಲುಗಿದರೆ ಚಿತ್ರ ಅಲ್ಲೇ ಕದಡಿಹೋಗುತ್ತದೆ. ಕದಡಿದ್ದನ್ನು ಆಮೇಲೆ ಯಾವ ತಂತ್ರಾಂಶವೂ ಪೂರ್ತಿ ತಿಳಿಗೊಳಿಸಲಾರದು. ವಿಡಿಯೋ ನಡುವೆ ಆಗಾಗ ಮಸುಕಾಗಿ ಮಿಡಿದಂತೆ ಕಂಡರೆ ಕಾರಣ ಇದೇ ಎಂದು ತಿಳಿಯಬೇಕು. ಅದಕ್ಕೇ ಕಿಟಕಿಗಳನ್ನೆಲ್ಲ ತೆಗೆದು, ಲೈಟುಗಳನ್ನೆಲ್ಲ ಹಾಕಿ, ಬೆಳಗ್ಗೆ ಒಂಬತ್ತರಿಂದ ಹತ್ತೂವರೆಯೊಳಗೆ ಕೆಲಸ ಮುಗಿಸಿದೆವು. ನಮ್ಮ ಜಿಲ್ಲೆಯ ಬೇಸಿಗೆಯ ಮಧ್ಯಾಹ್ನದ ಬಿಸಿಲಿನಲ್ಲಿ ಕಿಟಕಿ ಬೆಳ್ಳಗೆ ಉರಿಯುತ್ತದೆ, ಕೋಣೆ ಗವಿಯಾಗುತ್ತದೆ.

ಲೈಟು ಹಾಕಿದಾಗ ಇನ್ನೊಂದು ಕಾಟ. ಪರದೆಯ ಮೇಲೆ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಹರಿಯತೊಡಗುತ್ತವೆ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನದ್ದು, ಅಗ್ಗದ ಎಲ್‌ಇಡಿ ಮತ್ತು ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಫೋನು ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ಎರಡಕ್ಕೂ ತಾಳ ಕೂಡುವುದಿಲ್ಲ. ಐಫೋನಿನಲ್ಲಿ ಕ್ಯಾಮೆರಾದ ಸೆಟ್ಟಿಂಗ್ಸ್‌ಗೆ ಹೋಗಿ Record Video ಒಳಗೆ Show PAL Formats ಆನ್ ಮಾಡಿದರೆ 25 ಚಿತ್ರದ ಆಯ್ಕೆ ಸಿಗುತ್ತದೆ. ಶಟರ್ ಬದಲಿಸಲು ಬಿಡುವ ಆಂಡ್ರಾಯ್ಡ್ ಫೋನುಗಳಲ್ಲಿ 1/50 ಅಥವಾ 1/100 ಇಟ್ಟರೆ ಪಟ್ಟಿ ನಿಲ್ಲುತ್ತದೆ. ಎರಡೂ ಆಗದಿದ್ದರೆ ಪಟ್ಟಿ ಮೂಡಿಸುವ ಆ ಒಂದು ಬಲ್ಬನ್ನು ಆರಿಸಿಬಿಡಿ, ಅಷ್ಟೆ. ಫ್ಯಾನು ಮಾತ್ರ ಆರಿಸಿಯೇ ಇರಲಿ. ತಿರುಗುವ ಫ್ಯಾನಿನ ರೆಕ್ಕೆಗಳು ವಿಡಿಯೋದಲ್ಲಿ ಬಾಳೆ ಎಲೆಯಂತೆ ಬಗ್ಗಿ ಕಾಣುತ್ತವೆ, ಜೊತೆಗೆ ಸದ್ದು. ಮೇ ತಿಂಗಳಲ್ಲಿ ಇಂಡಿಯಲ್ಲಿ ಫ್ಯಾನಿಲ್ಲದೆ ಒಂದೂವರೆ ಗಂಟೆ ಕಳೆದ ನಮ್ಮ ಪಾಡು ಕೇಳಬೇಡಿ.

ತಿರುಗಿಸುವ ವೇಗಕ್ಕೆ ಛಾಯಾಗ್ರಾಹಕರಲ್ಲಿ ಒಂದು ಹಳೆಯ ಲೆಕ್ಕವಿದೆ. ಒಂದು ವಸ್ತು ಪರದೆಯ ಒಂದು ಅಂಚಿನಲ್ಲಿ ಕಾಣಿಸಿಕೊಂಡು ಇನ್ನೊಂದು ಅಂಚಿನಲ್ಲಿ ಮರೆಯಾಗಲು ಸುಮಾರು ಏಳು ಸೆಕೆಂಡು ಹಿಡಿಯಬೇಕು. ಫೋನನ್ನು ಅಡ್ಡ ಹಿಡಿದು 1x ಲೆನ್ಸಿನಲ್ಲಿ ನೋಡಿದರೆ, ಒಂದು ಗೋಡೆಯಿಂದ ಪಕ್ಕದ ಗೋಡೆಗೆ, ಅಂದರೆ ಕಾಲು ಸುತ್ತಿಗೆ, ಒಂಬತ್ತು ಸೆಕೆಂಡು ಬೀಳುತ್ತದೆ. ತೆಗೆಯುವವನಿಗೆ ಇದು ವಿಪರೀತ ನಿಧಾನ ಅನಿಸುತ್ತದೆ. ನೋಡುವವನಿಗೆ ಅನಿಸುವುದಿಲ್ಲ. ಬೇಗ ತಿರುಗಿಸಿದ್ದೀರೋ ಎಂದು ತಿಳಿಯಲು ಬಾಗಿಲಿನ ಚೌಕಟ್ಟು ನೋಡಿ. ಫೋನಿನ ಕ್ಯಾಮೆರಾ ಚಿತ್ರವನ್ನು ಒಂದೊಂದೇ ಗೆರೆಯಾಗಿ ಓದುವುದರಿಂದ, ವೇಗ ಹೆಚ್ಚಿದರೆ ನೆಟ್ಟಗಿರುವ ಚೌಕಟ್ಟು ಗಾಳಿಗೆ ವಾಲಿದ ಜೋಳದ ದಂಟಿನಂತೆ ಓರೆಯಾಗುತ್ತದೆ. ಹುಡುಗನ ವಿಡಿಯೋದಲ್ಲಿ ಒಂದು ಬಾಗಿಲೂ ನೆಟ್ಟಗಿರಲಿಲ್ಲ.

0.5x ಲೆನ್ಸಿನ ಆಸೆ ಎಲ್ಲರಿಗೂ ಇರುತ್ತದೆ, ಒಂದೇ ನೋಟಕ್ಕೆ ಇಡೀ ಕೋಣೆ ಬರುತ್ತದೆ. ಹತ್ತು ಬೈ ಹತ್ತರ ಕೋಣೆ ಕಲ್ಯಾಣಮಂಟಪವೂ ಆಗುತ್ತದೆ. ಬಾಡಿಗೆಗೆ ಬರುವವನು ಮಂಚ ತಂದು ಹಾಕಿದ ದಿನ ಆ ಮಂಟಪ ಕುಗ್ಗುತ್ತದೆ, ಅವನು ನಿಮ್ಮನ್ನು ಮೋಸಗಾರ ಎನ್ನುತ್ತಾನೆ. ನನ್ನ ಮಾತು ಕೇಳುವುದಾದರೆ ಬಚ್ಚಲೊಂದನ್ನು ಬಿಟ್ಟು ಬೇರೆಲ್ಲೂ ಅದು ಬೇಡ. ಬಚ್ಚಲಲ್ಲೂ ಒಂದು ಬಕೆಟ್ ಕಾಣುವಂತಿರಲಿ. ಬಕೆಟ್ಟಿನ ಗಾತ್ರ ಎಲ್ಲರಿಗೂ ಗೊತ್ತು, ಅದರಿಂದ ಬಚ್ಚಲನ್ನು ಅಳೆದುಕೊಳ್ಳುತ್ತಾರೆ. ಅಡುಗೆಮನೆಯಲ್ಲಿ ಆ ಕೆಲಸವನ್ನು ಗ್ಯಾಸ್ ಸಿಲಿಂಡರ್ ಮಾಡುತ್ತದೆ.

ಎಲ್ಲಕ್ಕಿಂತ ಹೆಚ್ಚು ನಾನು ಒದ್ದಾಡಿದ್ದು ಹೊಸ್ತಿಲಿನ ಹತ್ತಿರ. ಇಡೀ ಮನೆಯನ್ನು ತಡೆಯಿಲ್ಲದೆ ಒಂದೇ ಓಟದಲ್ಲಿ ತೆಗೆಯಬೇಕೆಂದು ಮೊದಲು ಹೊರಟೆ. ಎರಡು ಸಲ ಕೆಟ್ಟಿತು. ಹೊಸ್ತಿಲು ದಾಟಲು ಕಾಲೆತ್ತಿದ ಕೂಡಲೇ ಫೋನು ಜಿಗಿಯುತ್ತದೆ. ಬೆಳಕಿನ ಪಡಸಾಲೆಯಿಂದ ಮಬ್ಬು ಕೋಣೆಗೆ ಹೋದೊಡನೆ ಚಿತ್ರ ಕಪ್ಪಾಗಿ, ಆಮೇಲೆ ಕ್ಯಾಮೆರಾ ಎಚ್ಚೆತ್ತು ಬೆಳಕು ಏರಿಸುತ್ತದೆ. ಆ ಎರಡು ಸೆಕೆಂಡಿನಲ್ಲಿ ನೋಡುವವನಿಗೆ ತಾನೆಲ್ಲಿದ್ದೇನೆ ಎನ್ನುವುದೇ ತಪ್ಪಿಹೋಗುತ್ತದೆ.

ಮೂರನೆಯ ಸಲ ಹೊಸ್ತಿಲಲ್ಲೇ ಕತ್ತರಿ ಹಾಕಿದೆ. ಪಡಸಾಲೆಯಲ್ಲಿ ಅಡುಗೆಮನೆಯ ಬಾಗಿಲ ಮುಂದೆ ನಿಂತು, ಬಾಗಿಲ ಚೌಕಟ್ಟು ಮತ್ತು ಅದರೊಳಗೆ ಕಾಣುವ ಒಲೆಯ ಕಟ್ಟೆ ಎರಡೂ ಇರುವಂತೆ ಎರಡು ಸೆಕೆಂಡು ಹಿಡಿದು ನಿಲ್ಲಿಸಿದೆ. ಹೊಸ್ತಿಲು ದಾಟಿ ಒಳಗೆ ನಿಂತು, ಪರದೆಯ ಮೇಲೆ ಬೆರಳು ಒತ್ತಿಹಿಡಿದು AE/AF LOCK ಎಂದು ಬರುವಂತೆ ಮಾಡಿ ಬೆಳಕನ್ನು ಆ ಕೋಣೆಗೆ ಕಟ್ಟಿಹಾಕಿದೆ. ಆಮೇಲೆ ಅದೇ ಒಲೆಯ ಕಟ್ಟೆಯಿಂದ ಮತ್ತೆ ಶುರು. ಕಟ್ಟಾದದ್ದು ನೋಡುವವನಿಗೆ ಗೊತ್ತಾಗುತ್ತದೆ, ಆದರೆ ದಾರಿ ತಪ್ಪುವುದಿಲ್ಲ. ಹೊರಗಿನಿಂದ ಕಂಡ ಕಟ್ಟೆಯೇ ಈಗ ಹತ್ತಿರ ಬಂದಿದೆ. ಹಿಂದಿನ ತುಂಡಿನ ಕೊನೆಯಲ್ಲಿ ಮತ್ತು ಮುಂದಿನ ತುಂಡಿನ ಮೊದಲಲ್ಲಿ ಒಂದೇ ವಸ್ತು ಕಾಣಬೇಕು, ಗುಟ್ಟು ಅಷ್ಟೇ. ತುಂಡುಗಳನ್ನು ಫೋನಿನಲ್ಲಿಯೇ ಜೋಡಿಸಬಹುದು. ನಡುವೆ ಚಿತ್ರ ಕರಗುವುದು, ತಿರುಗುವುದು, ಹೃದಯದ ಆಕಾರದಲ್ಲಿ ತೆರೆಯುವುದು ಇವೆಲ್ಲ ಮದುವೆ ವಿಡಿಯೋಗೆ ಇರಲಿ.

ಹೊಸ್ತಿಲಲ್ಲಿ ಕತ್ತರಿ ಹಾಕುವ ನೇಮವನ್ನು ಒಂದೇ ಕಡೆ ಬೇಕೆಂತಲೇ ಮುರಿದೆ, ಆ ಕುಖ್ಯಾತ ಬಚ್ಚಲಲ್ಲಿ. ಮಲಗುವ ಕೋಣೆಯ ಬಾಗಿಲಿನಿಂದ ಒಳಗೆ ಹೋಗಿ, ಗೀಜರ್, ನಲ್ಲಿ, ಬಕೆಟ್ ತೋರಿಸಿ, ಎಲ್ಲೂ ಕಟ್ಟು ಮಾಡದೆ ಇನ್ನೊಂದು ಬಾಗಿಲಿನಿಂದ ಪಡಸಾಲೆಗೆ ಹೊರಬಂದೆ. ಬೆಳಕು ಒಂದಿಷ್ಟು ಏರುಪೇರಾಯಿತು, ಫೋನು ಒಂದು ಸಲ ಜಿಗಿಯಿತು. ಆದರೂ ಆ ಹನ್ನೆರಡು ಸೆಕೆಂಡು ನೋಡಿದವರು ಯಾರೂ ಅಲ್ಲಿ ಎರಡು ಬಚ್ಚಲಿವೆ ಎನ್ನಲಾರರು.

ಕೊನೆಗೆ ಆದದ್ದು ಹೀಗೆ: ಗೇಟು, ಮೆಟ್ಟಿಲಿಗೆ ಹತ್ತು ಸೆಕೆಂಡು, ಪಡಸಾಲೆಗೆ ಇಪ್ಪತ್ತು, ಅಡುಗೆಮನೆಗೆ ಇಪ್ಪತ್ತೈದು, ದೊಡ್ಡ ಕೋಣೆಗೆ ಇಪ್ಪತ್ತು, ಬಚ್ಚಲಿಗೆ ಹನ್ನೆರಡು, ಸಣ್ಣ ಕೋಣೆಗೆ ಹದಿನೈದು, ದೇವರಮನೆಗೆ ನಾಲ್ಕು. ಉಳಿದ ಹದಿನೈದು ಸೆಕೆಂಡನ್ನು ನೀರಿಗೆ, ಕರೆಂಟಿಗೆ ಕೊಟ್ಟೆ: ಮಾಳಿಗೆಯ ಮೇಲಿನ ಟ್ಯಾಂಕು, ಕೆಳಗಿನ ನೆಲತೊಟ್ಟಿ, ಬೋರಿನ ಸ್ವಿಚ್ಚು, ಬೇರೆಯಾಗಿರುವ ಕರೆಂಟ್ ಮೀಟರು. ನಮ್ಮ ಕಡೆ ಬಾಡಿಗೆಗೆ ಬರುವವರು ಗೋಡೆಯ ಬಣ್ಣಕ್ಕಿಂತ ಮೊದಲು ಕೇಳುವುದು ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು. ಮೀಟರು ತೋರಿಸುವಾಗ ಆರ್‌ಆರ್ ನಂಬರ್ ಬರದಂತೆ ನೋಡಿಕೊಂಡೆವು. ವಾಟ್ಸ್‌ಆ್ಯಪ್ ವಿಡಿಯೋ ಎಲ್ಲಿಯವರೆಗೆ ಹೋಗುತ್ತದೋ ಯಾರು ಬಲ್ಲರು. ಮನೆಯಲ್ಲಿ ಇನ್ನೂ ಜನ ಇರುವಾಗಲೇ ತೆಗೆಯುವುದಾದರೆ ಅವರನ್ನು ಕೇಳಿ, ಫೋಟೋ, ಔಷಧಿ, ಒಣಹಾಕಿದ ಬಟ್ಟೆ ತೆಗೆಸಿ ಆಮೇಲೆ ಫೋನು ಎತ್ತಬೇಕು. ಕಳಿಸುವಾಗ ವಿಡಿಯೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿದರೆ ವಾಟ್ಸ್‌ಆ್ಯಪ್ ಅದನ್ನು ಹಿಂಡಿ ಮಸುಕು ಮಾಡುವುದಿಲ್ಲ.

ಎರಡು ನಿಮಿಷದ ಮೇಲೊಂದು ಸೆಕೆಂಡಿನ ಈ ವಿಡಿಯೋ ಮತ್ತೆ ಮುದ್ದೇಬಿಹಾಳಕ್ಕೆ ಹೋಯಿತು. ಈ ಸಲ ನಕ್ಷೆಯಲ್ಲಿ ಬಚ್ಚಲು ಒಂದೇ ಇತ್ತು, ಎರಡು ಬಾಗಿಲೂ ಇದ್ದವು. ಅಡುಗೆಮನೆ ಎಡಕ್ಕೆ ಬಂದಿತ್ತು, ದೇವರಮನೆ ಈಶಾನ್ಯದಲ್ಲಿ ಕೂತಿತ್ತು. ತಪ್ಪಿದ್ದು ಒಂದೇ, ಮೆಟ್ಟಿಲು. ಅದನ್ನು ಅವಳು ಮನೆಯ ಉತ್ತರಕ್ಕೆ ಬರೆದಿದ್ದಳು, ಇರುವುದು ದಕ್ಷಿಣಕ್ಕೆ. ಅಲುಗಾಟಕ್ಕೆ ಹೆದರಿ ಮೆಟ್ಟಿಲನ್ನು ಕೆಳಗಿನಿಂದಲೇ ತೋರಿಸಿ, ಮೇಲೆ ತಲಬಾಗಿಲ ಮುಂದೆ ಮತ್ತೆ ಶುರುಮಾಡಿದ್ದೆ. ಮೆಟ್ಟಿಲು ಮುಗಿದ ಕಡೆ ಎಡಕ್ಕೆ ತಿರುಗುವ ಆ ತಿರುವು ಎರಡೂ ತುಂಡಿನಲ್ಲಿ ಬಂದಿರಲಿಲ್ಲ. ಮರುದಿನ ಬೆಳಗ್ಗೆ ಆ ಹತ್ತು ಸೆಕೆಂಡನ್ನು ಮತ್ತೆ ತೆಗೆದೆವು.